ಬಾನಂಚು ಬಿಳಿಚಿಯೇ ಇರಲಿ

ಬಯಲಲ್ಲಿ ನಿಂತು ನೆತ್ತಿಯ ಮೇಲಿನ ಆಕಾಶದಿಂದ ಬಾನಂಚಿನವರೆಗೆ ನಿಧಾನವಾಗಿ ಕಣ್ಣು ಇಳಿಸಿ ನೋಡಿ. ಮೇಲಿನ ನೀಲಿ ಗಾಢವಾಗಿರುತ್ತದೆ. ಅರ್ಧ ದಾರಿ ಇಳಿಯುವಷ್ಟರಲ್ಲಿ ಅದು ತಿಳಿಯಾಗುತ್ತದೆ. ಬೆಟ್ಟದ ಸಾಲನ್ನು ಮುಟ್ಟುವ ಹೊತ್ತಿಗೆ ನೀಲಿ ಅನ್ನುವುದು ಹೆಸರಿಗಷ್ಟೇ ಉಳಿದು, ಬೆಳ್ಳಗಿನ ಒಂದು ಪಟ್ಟಿ ಮಾತ್ರ ಕಾಣುತ್ತದೆ. ಇದಕ್ಕೆ ಕಾರಣ ಗಾಳಿ. ನೆತ್ತಿಯ ಕಡೆ ನೋಡುವಾಗ ನಮ್ಮ ನೋಟ ವಾತಾವರಣವನ್ನು ನೇರವಾಗಿ ದಾಟಿ ಹೋಗುತ್ತದೆ. ಬಾನಂಚಿನ ಕಡೆ ನೋಡುವಾಗ ಅದರ ಮೂವತ್ತೆಂಟು ಪಟ್ಟು ಗಾಳಿಯನ್ನು ಹಾದುಹೋಗಬೇಕು. ಗಾಳಿಯ ಕಣಗಳು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುತ್ತವೆ ಎಂಬುದು ನಿಜವಾದರೂ, ಅಷ್ಟು ದೂರದ ದಾರಿಯಲ್ಲಿ ಬೆಳಕು ಮತ್ತೆ ಮತ್ತೆ ಚದುರಿ ಎಲ್ಲ ಬಣ್ಣಗಳೂ ಬೆರೆತುಬಿಡುತ್ತವೆ. ಅದರ ಜೊತೆಗೆ ನೆಲಕ್ಕೆ ಹತ್ತಿರದ ಗಾಳಿಯಲ್ಲಿ ಧೂಳೂ ತೇವವೂ ಇರುತ್ತವೆ. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಚದುರಿಸುವುದರಿಂದ ಉಳಿಯುವುದು ಬಿಳುಪು.

ಗ್ರಾಜುಯೇಟೆಡ್ ಫಿಲ್ಟರ್ ಬಳಸಿ ಫೋಟೋದ ಆಕಾಶಕ್ಕೆ ಬಣ್ಣ ತುಂಬಲು ಹೊರಟವರು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದದ್ದು ಇದನ್ನೇ. ಆಕಾಶ ಎಂದೂ ಒಂದೇ ಬಣ್ಣದ ಹಾಳೆಯಲ್ಲ. ಮೇಲಿನಿಂದ ಕೆಳಕ್ಕೆ ತಿಳಿಯಾಗುತ್ತ ಬರುವ ಇಳಿಜಾರು ಅದರಲ್ಲಿ ಮೊದಲೇ ಇದೆ. ನಾವು ಸೇರಿಸುವ ಗಾಢತೆ ಆ ಇಳಿಜಾರಿನ ಜೊತೆಗೇ ಇಳಿದರೆ ಚಿತ್ರ ಸಹಜವಾಗಿ ಕಾಣುತ್ತದೆ. ಅದಕ್ಕೆ ಅಡ್ಡಬಿದ್ದರೆ, ಎಲ್ಲಿ ತಪ್ಪಿತು ಎಂದು ಹೇಳಲಾಗದವರ ಕಣ್ಣಿಗೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಬೆಟ್ಟದ ನೆತ್ತಿಗೆ ತಾಗಿದಂತೆ ಕಡುನೀಲಿ ಪಟ್ಟಿಯೊಂದು ಕೂತಿರುವ ಫೋಟೋಗಳನ್ನು ಕ್ಯಾಲೆಂಡರುಗಳಲ್ಲಿ, ಹೋಟೆಲಿನ ಗೋಡೆಗಳ ಮೇಲೆ ಎಲ್ಲರೂ ನೋಡಿರುತ್ತೇವೆ. ಅಲ್ಲಿ ಕೆಟ್ಟದ್ದು ಬಣ್ಣ ಹೆಚ್ಚಾದದ್ದರಿಂದಲ್ಲ, ಬಣ್ಣ ತಪ್ಪಿದ ಜಾಗದಲ್ಲಿ ಕೂತದ್ದರಿಂದ.

ಕ್ಯಾಮೆರಾದಲ್ಲಿ ಆಕಾಶ ಬಿಳಿಚುವುದಕ್ಕೆ ಇನ್ನೊಂದು ಕಾರಣವಿದೆ. ಹಗಲಿನಲ್ಲಿ ಆಕಾಶ ನೆಲಕ್ಕಿಂತ ಎರಡು ಮೂರು ಸ್ಟಾಪ್ ಹೆಚ್ಚು ಬೆಳಕಾಗಿರುವುದು ಸಾಮಾನ್ಯ. ಒಂದು ಸ್ಟಾಪ್ ಅಂದರೆ ಬೆಳಕಿನ ದುಪ್ಪಟ್ಟು. ಅಲ್ಲಿಗೆ ಆಕಾಶದ ಬೆಳಕು ನೆಲದ ನಾಲ್ಕು ಪಟ್ಟೋ ಎಂಟು ಪಟ್ಟೋ ಆಯಿತು. ಕಲ್ಲು, ಮರ, ಜನ ಚೆನ್ನಾಗಿ ಕಾಣಲಿ ಎಂದು ನೆಲಕ್ಕೆ ಹೊಂದಿಸಿ ಬೆಳಕು ಒಳಬಿಟ್ಟರೆ ಆಕಾಶದ ಭಾಗಕ್ಕೆ ಅದು ವಿಪರೀತವಾಗುತ್ತದೆ. ಹಿಂದೆ ಇದಕ್ಕಿದ್ದ ಉಪಾಯ ಲೆನ್ಸಿನ ಮುಂದೆ ಹಿಡಿಯುವ ಗಾಜು. ಮೇಲರ್ಧ ಬೂದು, ಕೆಳಗರ್ಧ ತಿಳಿ, ನಡುವೆ ಕ್ರಮೇಣ ತಿಳಿಯಾಗುವ ಭಾಗ. ಅದರ ಮೇಲೆ 0.3, 0.6, 0.9 ಎಂದು ಬರೆದಿರುತ್ತದೆ. ಕ್ರಮವಾಗಿ ಒಂದು, ಎರಡು, ಮೂರು ಸ್ಟಾಪ್ ಬೆಳಕನ್ನು ತಡೆಯುತ್ತವೆ ಎಂದು ಅದರ ಅರ್ಥ. ಸ್ಲೈಡ್ ಫಿಲ್ಮಿನ ಕಾಲದಲ್ಲಿ ಅಮೆರಿಕದ ಪರ್ವತ ಛಾಯಾಗ್ರಾಹಕ ಗೇಲನ್ ರೋವೆಲ್ ಇಂಥ ಫಿಲ್ಟರುಗಳನ್ನು ಬಹಳ ಜನಪ್ರಿಯಗೊಳಿಸಿದರು. 2008ರಲ್ಲಿ ಬಂದ ಲೈಟ್‌ರೂಂ 2ರಲ್ಲಿ ಅದೇ ಹೆಸರಿನ ಸಾಧನ ಕಂಪ್ಯೂಟರಿನ ಪರದೆಗೂ ಬಂತು. 2021ರಿಂದ ಅಲ್ಲಿ ಅದರ ಹೆಸರು Linear Gradient. ನಾನಿಲ್ಲಿ ಹೇಳುವುದು ಮುಖ್ಯವಾಗಿ ಈ ಪರದೆಯ ಫಿಲ್ಟರಿನ ಬಗ್ಗೆ. ಗಾಜಿನ ಫಿಲ್ಟರಿಗೂ ತತ್ವ ಅದೇ, ಆದರೆ ಅಲ್ಲಿ ಕ್ಲಿಕ್ಕಿಸಿದ ಮೇಲೆ ತಿದ್ದಲು ಬರುವುದಿಲ್ಲ.

ಉದಾಹರಣೆಗೆ ಹಂಪಿಯನ್ನು ತೆಗೆದುಕೊಳ್ಳೋಣ. ಸಮುದ್ರದ ಫೋಟೋ ಆಗಿದ್ದರೆ ಬಾನಂಚು ಗೆರೆ ಎಳೆದಷ್ಟು ನೇರ, ಫಿಲ್ಟರ್ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಹಂಪಿಯ ಕಷ್ಟ ಬೇರೆ. ಹೇಮಕೂಟದ ಬಂಡೆಯ ಮೇಲಿಂದ ಉತ್ತರಕ್ಕೆ ನೋಡಿದರೆ ವಿರೂಪಾಕ್ಷ ದೇವಸ್ಥಾನದ ಪೂರ್ವ ಗೋಪುರ ಸುಮಾರು ಐವತ್ತು ಮೀಟರ್ ಎತ್ತರಕ್ಕೆ ಎದ್ದು, ಹೊಳೆಯಾಚೆಯ ಗುಂಡುಬೆಟ್ಟಗಳ ಸಾಲನ್ನು ದಾಟಿ ಆಕಾಶದೊಳಕ್ಕೆ ನುಗ್ಗುತ್ತದೆ. ಬೆಟ್ಟದ ಸಾಲೂ ನೇರವಲ್ಲ. ಬಂಡೆಯ ಮೇಲೆ ಬಂಡೆ, ನಡುವೆ ತಗ್ಗು. ಅಲ್ಲಿ ಸರಿಯಾಗಿ ಫಿಲ್ಟರ್ ಹಾಕಲು ಬಂದವರಿಗೆ ಬೇರೆಲ್ಲಿಯೂ ಕಷ್ಟವಾಗದು.

ಈ ಜಾಗದ ಬಿಳಿ ಆಕಾಶಕ್ಕೆ ಹಳೆಯ ಚರಿತ್ರೆಯೇ ಇದೆ. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಅವಶೇಷಗಳನ್ನು ಸೆರೆಹಿಡಿದ. ಆ ಕಾಲದ ರಾಸಾಯನಿಕ ಲೇಪ ನೀಲಿ ಬೆಳಕಿಗೆ ಮಾತ್ರ ವಿಪರೀತ ಸ್ಪಂದಿಸುತ್ತಿತ್ತು. ಹಾಗಾಗಿ ನೆಲಕ್ಕೆ ಬೇಕಾದಷ್ಟು ಬೆಳಕು ಬೀಳುವಷ್ಟರಲ್ಲಿ ಆಕಾಶ ಪೂರ್ತಿ ಬೆಳ್ಳಗಾಗಿಬಿಡುತ್ತಿತ್ತು. ಅದೇ ವರ್ಷಗಳಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿನ ಚಿತ್ರಗಳಿಗೆ ಎರಡು ನೆಗೆಟಿವ್ ಬಳಸಿದ. ನೀರಿಗೊಂದು, ಮೋಡಕ್ಕೊಂದು, ಎರಡನ್ನೂ ಬಾನಂಚಿನ ಗೆರೆಯಲ್ಲಿ ಜೋಡಿಸಿ ಮುದ್ರಿಸಿದ. ಜೋಡಣೆ ಕಾಣದಿರಬೇಕಾದರೆ ಎಲ್ಲ ಕೌಶಲವೂ ಆ ಗೆರೆಯಲ್ಲೇ ಬೇಕಾಗಿತ್ತು. ಇವತ್ತಿಗೂ ಕಷ್ಟದ ಜಾಗ ಅದೇ.

ಏಪ್ರಿಲ್ ತಿಂಗಳ ಬೆಳಗಿನ ಒಂಬತ್ತು ಗಂಟೆ ಎಂದಿಟ್ಟುಕೊಳ್ಳಿ. ಸೂರ್ಯ ಬಲಗಡೆ, ಪೂರ್ವದಲ್ಲಿ. ಚೌಕಟ್ಟಿನ ಮೇಲಿನ ಎರಡೈದಾಂಶ ಆಕಾಶ, ಉಳಿದದ್ದು ಬಂಡೆ ಮತ್ತು ದೇವಸ್ಥಾನ. ಗೋಪುರದ ತುದಿಯ ಕಲಶ ಆಕಾಶದ ಮುಕ್ಕಾಲು ಎತ್ತರಕ್ಕೆ ಬಂದಿದೆ. ಮೋಡವಿಲ್ಲ, ಆದರೆ ಬೇಸಗೆಯ ಧೂಳಿನಿಂದ ಇಡೀ ಆಕಾಶ ತೊಳೆದು ಹಾಕಿದಂತೆ ಪೇಲವವಾಗಿದೆ. ಫೋಟೋವನ್ನು ರಾ ಫೈಲಾಗಿ ತೆಗೆಯಲಾಗಿದೆ. ರಾ ಫೈಲಿಗೆ ಯಾಕೆ ಇಷ್ಟು ಮಹತ್ವ ಅಂದರೆ, ಜೇಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳಷ್ಟೇ ಇರುತ್ತವೆ. ಬೆಳ್ಳಗಿನ ಆಕಾಶ ಅವುಗಳಲ್ಲಿ ಮೇಲಿನ ಕೆಲವನ್ನು ಮಾತ್ರ ಬಳಸಿಕೊಂಡಿರುತ್ತದೆ. ಅಷ್ಟನ್ನೇ ಹಿಗ್ಗಿಸಿದರೆ ನುಣುಪಾಗಿ ಇಳಿಯಬೇಕಾದ ಆಕಾಶ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. 14 ಬಿಟ್‌ನ ರಾ ಫೈಲಿನಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ.

ಫಿಲ್ಟರಿಗೆ ಕೈಹಾಕುವ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು. ಇಡೀ ಚಿತ್ರದ Exposure ಸ್ಲೈಡರನ್ನು ತಾತ್ಕಾಲಿಕವಾಗಿ −2ಕ್ಕೆ ಇಳಿಸಿ. ನೆಲ ಕತ್ತಲಾಗುತ್ತದೆ, ಆಗಲಿ. ಆಕಾಶವನ್ನು ಮಾತ್ರ ನೋಡಿ. ತಿಳಿನೀಲಿ ಮೆಲ್ಲಗೆ ಹೊರಬಂದರೆ ಅಲ್ಲಿ ಬಣ್ಣ ಅಡಗಿದೆ, ಫಿಲ್ಟರಿಗೆ ಕೆಲಸವಿದೆ. ಅದರ ಬದಲು ಇಡೀ ಪ್ರದೇಶ ಸಿಮೆಂಟು ಬಳಿದಂತೆ ಒಂದೇ ಬೂದುಬಣ್ಣಕ್ಕೆ ತಿರುಗಿದರೆ ಅಲ್ಲಿ ಮಾಹಿತಿಯೇ ದಾಖಲಾಗಿಲ್ಲ. ಇಲ್ಲದ ಬಣ್ಣವನ್ನು ಫಿಲ್ಟರ್ ತಂದುಕೊಡಲಾರದು. ಎಷ್ಟು ಎಳೆದರೂ ಬಿಳಿ ಬೂದಿಯಾಗುತ್ತದೆಯೇ ಹೊರತು ನೀಲಿಯಾಗುವುದಿಲ್ಲ. ಅಂಥ ಚಿತ್ರವನ್ನು ಬಿಳಿ ಆಕಾಶದೊಂದಿಗೇ ಇಟ್ಟುಕೊಳ್ಳುವುದು, ಇಲ್ಲವೇ ಆಕಾಶ ಕಡಿಮೆ ಬರುವಂತೆ ಕತ್ತರಿಸುವುದು ಲೇಸು. ಮುಂದಿನ ಸಲ ಕ್ಲಿಕ್ಕಿಸುವಾಗಲೇ ಕ್ಯಾಮೆರಾದ ಹೈಲೈಟ್ ಎಚ್ಚರಿಕೆಯನ್ನು ಆನ್ ಮಾಡಿಟ್ಟು, ಆಕಾಶ ಮಿನುಗುವುದು ನಿಲ್ಲುವವರೆಗೆ ಎಕ್ಸ್‌ಪೋಷರ್ ತಗ್ಗಿಸಿ. ನೆಲ ಸ್ವಲ್ಪ ಕತ್ತಲಾದರೆ ಅದನ್ನು ಆಮೇಲೆ ಎತ್ತಬಹುದು. ಕತ್ತಲೆಯಲ್ಲಿ ವಿವರ ಉಳಿದಿರುತ್ತದೆ, ಸುಟ್ಟುಹೋದ ಬಿಳಿಯಲ್ಲಿ ಉಳಿದಿರುವುದಿಲ್ಲ.

ನಮ್ಮ ಹಂಪಿಯ ಚಿತ್ರದಲ್ಲಿ ನೀಲಿ ಇದೆ. ಪರೀಕ್ಷೆ ಮುಗಿಸಿ ಸ್ಲೈಡರನ್ನು ಮೊದಲಿನ ಜಾಗಕ್ಕೆ ತಂದು, ನೆಲದ ಕೆಲಸವನ್ನು ಮೊದಲು ಮುಗಿಸಬೇಕು. ವೈಟ್ ಬ್ಯಾಲೆನ್ಸ್, ಒಟ್ಟು ಬೆಳಕು, ಬಂಡೆಗಳ ನೆರಳು ಎಲ್ಲವೂ ಸರಿಯೆನಿಸಿದ ಮೇಲೆಯೇ ಆಕಾಶದ ಸರದಿ. ಲೆನ್ಸ್ ಪ್ರೊಫೈಲ್ ತಿದ್ದುಪಡಿಯನ್ನೂ ಈಗಲೇ ಆನ್ ಮಾಡಿಕೊಳ್ಳಿ. ಅಗಲ ಕೋನದ ಲೆನ್ಸುಗಳಲ್ಲಿ ಮೂಲೆಗಳು ತಾವಾಗಿಯೇ ಕತ್ತಲಾಗಿರುತ್ತವೆ. ಅದನ್ನು ಹಾಗೇ ಬಿಟ್ಟು ಮೇಲೊಂದು ಫಿಲ್ಟರ್ ಹಾಕಿದರೆ ಮೇಲಿನ ಎರಡು ಮೂಲೆಗಳು ಎರಡರಷ್ಟು ಕಪ್ಪಾಗಿ, ನಡುವಿನ ಆಕಾಶ ಗುಮ್ಮಟದಂತೆ ಉಬ್ಬಿ ಕಾಣುತ್ತದೆ.

ಈಗ Masking ತೆರೆದು Linear Gradient ಆರಿಸಿ. ಕೀಲಿಮಣೆಯಲ್ಲಿ M ಒತ್ತಿದರೂ ಸರಿ. ಎಳೆಯಲು ಶುರುಮಾಡಿದ ಜಾಗದಲ್ಲಿ ಪರಿಣಾಮ ಪೂರ್ತಿ, ಕೈಬಿಟ್ಟ ಜಾಗದಲ್ಲಿ ಸೊನ್ನೆ, ನಡುವೆ ಕ್ರಮವಾಗಿ ಇಳಿಕೆ. ಶುರುವಿನ ಗೆರೆಗಿಂತ ಮೇಲಿರುವುದಕ್ಕೆಲ್ಲ ಪೂರ್ತಿ ಪರಿಣಾಮ ಬೀಳುತ್ತದೆ ಎಂಬುದು ನೆನಪಿರಲಿ. ಬಹಳ ಮಂದಿ ಆಕಾಶದ ನಡುವಿನಿಂದ ಎಳೆಯಲು ಶುರುಮಾಡಿ ಬೆಟ್ಟಕ್ಕೆ ಬಂದು ಬಿಡುತ್ತಾರೆ. ಮೇಲಿನ ಅರ್ಧ ಆಕಾಶ ಒಂದೇ ಸಮನೆ ಗಾಢ, ಕೆಳಗಿನ ಅರ್ಧದಲ್ಲಿ ದಿಢೀರ್ ಇಳಿಕೆ. ಬಣ್ಣದ ಅಂಚು ಕಣ್ಣಿಗೆ ಹೊಡೆಯುವುದು ಹೀಗೆ. ಇನ್ನು ಕೆಲವರು ಬೆಟ್ಟದ ಸಾಲಿನ ಮೇಲೆ ತೀರ ಸಣ್ಣ ಅಂತರದಲ್ಲಿ ಎಳೆಯುತ್ತಾರೆ. ಪಕ್ಕಾ ಗೆರೆ ಬೇಕೆಂಬ ಆಸೆ ಅದು. ಆಗ ಬಿಳಿಚಿರಬೇಕಾದ ಬಾನಂಚೇ ಗಾಢವಾಗಿ, ಬೆಟ್ಟಗಳ ತುದಿಯೂ ಅದರೊಂದಿಗೆ ಕಪ್ಪಾಗುತ್ತದೆ.

ನಾನು ಹೇಳುವ ದಾರಿ ಉದ್ದನೆಯದು. ಚೌಕಟ್ಟಿನ ಮೇಲಂಚಿನಿಂದಲೇ ಎಳೆಯಲು ಶುರುಮಾಡಿ, ಬೆಟ್ಟದ ಸಾಲನ್ನು ಸ್ವಲ್ಪವೇ ಸ್ವಲ್ಪ ದಾಟಿದ ಮೇಲೆ ಕೈಬಿಡಿ. Exposure ಅನ್ನು −1.00 ಮಾಡಿ. ಈಗ ಲೆಕ್ಕ ನೋಡಿ. ಮೇಲಂಚಿನಲ್ಲಿ ಪೂರ್ತಿ ಒಂದು ಸ್ಟಾಪ್ ಕಡಿಮೆಯಾಯಿತು. ಆಕಾಶದ ನಡುವೆ ಸುಮಾರು ಅರ್ಧ ಸ್ಟಾಪ್. ಬೆಟ್ಟವನ್ನು ಮುಟ್ಟುವ ಜಾಗದಲ್ಲಿ ಉಳಿಯುವುದು ಹತ್ತನೇ ಒಂದಂಶದಷ್ಟು. ಅಷ್ಟು ಇಳಿಕೆ ಬಂಡೆಯ ಮೇಲೆ ಬಿದ್ದರೂ ಯಾರ ಕಣ್ಣಿಗೂ ಕಾಣದು. ಆದರೆ ಆಕಾಶ ಬೆಟ್ಟದ ಹಿಂದಕ್ಕೂ ಮುಂದುವರಿದಿದೆ ಎಂಬ ಭಾವವನ್ನು ಅದು ಕೊಡುತ್ತದೆ. ಸರಿಯಾಗಿ ಬೆಟ್ಟದ ಗೆರೆಗೇ ಸೊನ್ನೆಯನ್ನು ನಿಲ್ಲಿಸುವುದಕ್ಕಿಂತ ಇದು ಮೇಲು, ಯಾಕೆಂದರೆ ಹಂಪಿಯ ಬೆಟ್ಟಗಳಿಗೆ ಒಂದು ಗೆರೆ ಎಂಬುದಿಲ್ಲ. ತಗ್ಗಿನಲ್ಲಿ ಕಾಣುವ ಆಕಾಶಕ್ಕೂ ಬಂಡೆಯ ನೆತ್ತಿಯ ಆಕಾಶಕ್ಕೂ ಒಂದೇ ಹದ ಸಿಗಬೇಕಾದರೆ ಇಳಿಕೆ ನಿಧಾನವಾಗಿಯೇ ಇರಬೇಕು.

ಇಷ್ಟಾದ ಮೇಲೆ ಚಿತ್ರ ನೋಡಿದರೆ ಸ್ವಲ್ಪ ನಿರಾಸೆಯಾಗಬಹುದು. ಆಕಾಶ ಕತ್ತಲಾಗಿದೆ, ನೀಲಿಯಾಗಿಲ್ಲ. ಪರದೆಯಲ್ಲಿ ಹಿಸ್ಟೋಗ್ರಾಂ ಕೆಳಗೆ ಕೆಂಪು, ಹಸಿರು, ನೀಲಿಗಳ ಶೇಕಡಾವಾರು ಅಂಕಿಗಳು ಬರುತ್ತವೆ; ಬೆರಳು ಎಲ್ಲಿಟ್ಟರೆ ಅಲ್ಲಿಯದು. ಫಿಲ್ಟರಿಗೆ ಮುಂಚೆ ಆಕಾಶದ ಮೇಲ್ಭಾಗದಲ್ಲಿ ಅವು 78, 84, 90 ಇದ್ದವು ಎಂದುಕೊಳ್ಳಿ. ಒಂದು ಸ್ಟಾಪ್ ಇಳಿಸಿದ ಮೇಲೆ ಸುಮಾರು 57, 61, 66 ಆಗುತ್ತವೆ. ಮೂರೂ ಒಟ್ಟಿಗೇ ಇಳಿದವು, ಅವುಗಳ ನಡುವಿನ ಅನುಪಾತ ಬದಲಾಗಲಿಲ್ಲ. ಕೆಂಪಿಗೂ ನೀಲಿಗೂ ಇದ್ದ ಅಂತರ 12ರಿಂದ 9ಕ್ಕೆ ಇಳಿಯಿತು. ಬೆಳಕು ಕಡಿಮೆ ಮಾಡುವುದೇ ಬೇರೆ, ಬಣ್ಣ ಗಾಢ ಮಾಡುವುದೇ ಬೇರೆ. ಅದಕ್ಕಾಗಿ ಅದೇ ಫಿಲ್ಟರಿನೊಳಗೆ Temp ಅನ್ನು ನೀಲಿಯ ಕಡೆಗೆ −8ರಷ್ಟು ಸರಿಸಿ, Saturation ಅನ್ನು +12ರಷ್ಟು ಏರಿಸಬೇಕು. ಈಗ ಅಂಕಿಗಳು 52, 60, 69ರ ಆಸುಪಾಸಿಗೆ ಬರುತ್ತವೆ. ಅಂತರ 17. ಕಣ್ಣಿಗೆ ಬೇಕಾದ ನೀಲಿ ಇದು. ಬೆಟ್ಟದ ಹತ್ತಿರ ಮಾತ್ರ 93, 94, 95 ಇದ್ದದ್ದು 90, 91, 92 ಆಗಿದೆ, ಅಷ್ಟೇ. ಅಲ್ಲಿ ಬಿಳುಪು ಉಳಿಯಿತು.

ಬಣ್ಣದ ಸ್ಲೈಡರುಗಳಲ್ಲಿ ಕೈ ಹಿಡಿತದಲ್ಲಿರಬೇಕು. Temp −20ರ ಆಚೆ ಹೋದರೆ ಧೂಳಿನ ಬಾನಂಚೂ ನೀಲಿಗೆ ತಿರುಗಲು ಶುರುವಾಗುತ್ತದೆ, ಮೋಡವಿದ್ದರೆ ಮೋಡವೂ. ಅದಕ್ಕೆ ಮನಸ್ಸೋಲುವ ಮುಂಚೆ ಬಿಳಿ ಮೋಡ ಬಿಳಿಯಾಗಿಯೇ ಇದೆಯೇ ನೋಡಿ. Dehaze ಸ್ಲೈಡರಂತೂ ಇನ್ನೂ ಆಸೆ ಹುಟ್ಟಿಸುವಂಥದ್ದು. ಒಂದೆಳೆತಕ್ಕೆ ಮಬ್ಬು ಸರಿದು ಆಕಾಶ ದಟ್ಟವಾಗುತ್ತದೆ. ಆದರೆ ಅದು ಗೋಪುರದ ಸುತ್ತ ಬೆಳಕಿನ ಪ್ರಭೆಯನ್ನು ಬಿಡುತ್ತದೆ, ಸೆನ್ಸರಿನ ಮೇಲಿನ ಪ್ರತಿ ಧೂಳಿನ ಕಣವನ್ನೂ ಬೂದು ಚುಕ್ಕೆಯಾಗಿ ಎತ್ತಿ ತೋರಿಸುತ್ತದೆ. ಇದಕ್ಕಿಂತ ದೊಡ್ಡ ನಷ್ಟ ದೂರದ್ದು. ಹೊಳೆಯಾಚೆಯ ಬೆಟ್ಟಗಳು ಒಂದರ ಹಿಂದೊಂದು ಮಬ್ಬಾಗುತ್ತ ಹೋಗುವುದರಿಂದಲೇ ಅವು ದೂರದಲ್ಲಿವೆ ಎಂದು ನಮಗೆ ತಿಳಿಯುವುದು. ಆ ಮಬ್ಬನ್ನು ಅಳಿಸಿದರೆ ಮೂರು ಸಾಲು ಬೆಟ್ಟಗಳೂ ಒಂದೇ ಗೋಡೆಗೆ ಅಂಟಿಸಿದಂತೆ ಕಾಣುತ್ತವೆ. ಆಕಾಶದ ಮೇಲ್ಭಾಗಕ್ಕೆ +5ರಷ್ಟು ಸಾಕು. ಬೆಟ್ಟಗಳಿಗೆ ಬೇಡವೇ ಬೇಡ.

ಸೂರ್ಯ ಬಲಗಡೆ ಇದ್ದಾನೆ ಎಂದೆನಲ್ಲ, ಅದೂ ಲೆಕ್ಕಕ್ಕೆ ಬರುತ್ತದೆ. ಸೂರ್ಯನಿಗೆ ಹತ್ತಿರದ ಆಕಾಶ ದೂರದ್ದಕ್ಕಿಂತ ಹೆಚ್ಚು ಬೆಳಕಾಗಿ, ಹೆಚ್ಚು ಬೆಳ್ಳಗಿರುತ್ತದೆ. ಅಗಲ ಕೋನದ ಚಿತ್ರದಲ್ಲಿ ಬಲ ಮೂಲೆಗೂ ಎಡ ಮೂಲೆಗೂ ಎದ್ದು ಕಾಣುವ ವ್ಯತ್ಯಾಸ ಇದ್ದೇ ಇರುತ್ತದೆ. ಫಿಲ್ಟರಿನ ನಡುಗೆರೆಯನ್ನು ಹಿಡಿದು ಹತ್ತು ಡಿಗ್ರಿಯಷ್ಟು ತಿರುಗಿಸಿದರೆ ಬಲಗಡೆಗೆ ಹೆಚ್ಚು, ಎಡಗಡೆಗೆ ಕಡಿಮೆ ಪರಿಣಾಮ ಬೀಳುತ್ತದೆ. ಎರಡೂ ಕಡೆ ಪೂರ್ತಿ ಸಮ ಮಾಡಲು ಹೋಗಬೇಡಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದನ್ನು ಗೋಪುರದ ಮೇಲಿನ ನೆರಳುಗಳು ಹೇಳುತ್ತಿವೆ, ಆಕಾಶವೂ ಅದನ್ನೇ ಹೇಳಬೇಕು.

ಇನ್ನುಳಿದದ್ದು ಗೋಪುರ. ಕಲಶದ ಎತ್ತರದಲ್ಲಿ ಫಿಲ್ಟರಿನ ಬಲ ಮುಕ್ಕಾಲು ಭಾಗ ಉಳಿದಿರುವುದರಿಂದ ಅಲ್ಲಿ ಮುಕ್ಕಾಲು ಸ್ಟಾಪ್ ಬೆಳಕು ಹೋಗಿದೆ. ಬಿಸಿಲಿಗೆ ಕೆನೆಬಣ್ಣದಲ್ಲಿ ಹೊಳೆಯಬೇಕಾದ ಗಾರೆ ತುದಿಯಲ್ಲಿ ನೆರಳು ಬಿದ್ದಂತೆ ಬೂದಿಯಾಗಿದೆ, ಕೆಳಗಿಳಿದಂತೆ ತಿಳಿಯಾಗಿದೆ. ಮೋಡವಿಲ್ಲದ ಬೆಳಿಗ್ಗೆ ಗೋಪುರದ ತಲೆಯ ಮೇಲೆ ಮಾತ್ರ ನೆರಳು ಬೀಳುವುದು ಸಾಧ್ಯವಿಲ್ಲ. ಅದರ ಜೊತೆಗೆ ನಾವು ಸೇರಿಸಿದ ನೀಲಿಯೂ ಗಾರೆಗೆ ಹತ್ತಿದೆ. ಗಾಜಿನ ಫಿಲ್ಟರ್ ಬಳಸುವವರು ಸೋಲುವುದು ಇಲ್ಲಿಯೇ. ಆಕಾಶಕ್ಕೆ ಚಾಚಿದ ತೆಂಗಿನ ಮರ, ಕೊಡಿಮರ, ಮಿನಾರು ಯಾವುದಿದ್ದರೂ ಗಾಜು ಅದನ್ನೂ ಕತ್ತಲು ಮಾಡಿಯೇ ತೀರುತ್ತದೆ.

ಪರದೆಯಲ್ಲಿ ಇದಕ್ಕೆ ಪರಿಹಾರವಿದೆ. ಆ ಫಿಲ್ಟರಿನಿಂದ ಗೋಪುರದ ಭಾಗವನ್ನು ಕಳೆಯಬೇಕು. ಗುಂಡಿಯ ಹೆಸರು Subtract. ಬೆಳಕಿನ ಮಟ್ಟ ನೋಡಿ ಕಳೆಯುವ Luminance Range ಇಲ್ಲಿ ಕೈಕೊಡುತ್ತದೆ. ಬಿಸಿಲಿಗೊಡ್ಡಿದ ಗಾರೆಯ ಬೆಳಕೂ ಧೂಳಿನ ಆಕಾಶದ ಬೆಳಕೂ ಹತ್ತಿರ ಹತ್ತಿರ ಇರುವುದರಿಂದ ಒಂದನ್ನು ಹಿಡಿಯಲು ಹೋದರೆ ಇನ್ನೊಂದೂ ಬರುತ್ತದೆ. ಬಣ್ಣ ನೋಡಿ ಕಳೆಯುವ Color Range ಒಳ್ಳೆಯದು, ಯಾಕೆಂದರೆ ಗಾರೆ ಹಳದಿಯ ಕಡೆಯದು, ಆಕಾಶ ನೀಲಿಯ ಕಡೆಯದು. ಗೋಪುರದ ಮೇಲ್ಭಾಗದಲ್ಲಿ, ಅಂದರೆ ನೀಲಿ ಸ್ಪಷ್ಟವಾಗಿರುವ ಕಡೆ, ಅದು ಚೆನ್ನಾಗಿ ಬೇರೆ ಮಾಡಿಕೊಡುತ್ತದೆ. ಬುಡಕ್ಕೆ ಬಂದಂತೆ ಆಕಾಶವೇ ಬಿಳಿಚುವುದರಿಂದ ಗೊಂದಲ ಶುರುವಾಗುತ್ತದೆ. ಅಲ್ಲಿ ಫಿಲ್ಟರಿನ ಬಲವೂ ಕಡಿಮೆಯಾಗಿರುವುದರಿಂದ ಅಷ್ಟು ಹಾನಿಯಿಲ್ಲ.

ಉಳಿದ ಜಾಗಗಳಿಗೆ ಬ್ರಷ್ ಬೇಕು. ಚಿತ್ರವನ್ನು 100 ಪ್ರತಿಶತಕ್ಕೆ ಹಿಗ್ಗಿಸಿ, O ಒತ್ತಿದರೆ ಫಿಲ್ಟರ್ ಇರುವ ಜಾಗವೆಲ್ಲ ಕೆಂಪಾಗಿ ಕಾಣುತ್ತದೆ. ಮೆತ್ತನೆಯ ಅಂಚಿನ ಬ್ರಷ್‌ನಿಂದ ಗೋಪುರದ ಮೈಮೇಲೆ ಒರೆಸುತ್ತ ಬನ್ನಿ, ಆದರೆ ಅಂಚಿಗೆ ಒಂದೆರಡು ಪಿಕ್ಸೆಲ್ ಒಳಗೇ ನಿಲ್ಲಿ. ಬ್ರಷ್ ಗೋಪುರದಿಂದ ಆಚೆ ಚಾಚಿದರೆ ಆಕಾಶದಲ್ಲಿ ಗೋಪುರವನ್ನು ಸುತ್ತಿದ ಬಿಳಿ ಅಂಚು ಮೂಡುತ್ತದೆ. ಗಾಢ ಆಕಾಶದ ಎದುರು ಬಿಳಿ ಅಂಚು ಎಷ್ಟು ದೂರದಿಂದಲೂ ಕಾಣುತ್ತದೆ. ಒಳಗೆ ಉಳಿದ ಒಂದೆರಡು ಪಿಕ್ಸೆಲ್ ಕತ್ತಲು ಶಿಲ್ಪಗಳ ನೆರಳಿನಲ್ಲಿ ಸೇರಿಹೋಗುತ್ತದೆ. Auto Mask ಆನ್ ಇದ್ದರೆ ಬ್ರಷ್ ತಾನೇ ಅಂಚು ಹುಡುಕುತ್ತದೆ ನಿಜ, ಆದರೆ ಗೋಪುರದ ಮೇಲಿನ ಸಣ್ಣ ಸಣ್ಣ ಗೊಂಬೆಗಳ ನಡುವೆ ಅದು ಅಲ್ಲಲ್ಲಿ ಬಿಟ್ಟು ಹಲ್ಲು ಹಲ್ಲಾದ ಗೆರೆ ಮಾಡುತ್ತದೆ. ನನ್ನ ಮಟ್ಟಿಗೆ ಅದನ್ನು ಆಫ್ ಮಾಡಿ ಕೈಯನ್ನೇ ನಂಬುವುದು ಉತ್ತಮ. ಫಿಲ್ಟರನ್ನು ಗೋಪುರದಿಂದ ಪೂರ್ತಿ ಕಳೆಯುವುದೂ ಬೇಡ. ಐದರಲ್ಲಿ ಒಂದು ಪಾಲಿನಷ್ಟು ಬಿಟ್ಟರೆ ಗೋಪುರ ಆ ಆಕಾಶದ ಕೆಳಗೆ ನಿಂತಂತೆ ಇರುತ್ತದೆ. ಪೂರ್ತಿ ಕಳೆದರೆ ಬೇರೆ ಚಿತ್ರದಿಂದ ಕತ್ತರಿಸಿ ತಂದಂತೆ ಎದ್ದು ನಿಲ್ಲುತ್ತದೆ.

ಆಕಾಶವನ್ನು ಒಂದೇ ಕ್ಲಿಕ್ಕಿಗೆ ಆರಿಸಿಕೊಡುವ ಸೌಲಭ್ಯವೂ ಈಗಿದೆ. ಅದನ್ನೊಂದನ್ನೇ ಬಳಸಿದರೆ ಬೆಟ್ಟದ ಅಂಚಿನವರೆಗೂ ಒಂದೇ ಗಾಢತೆ ಬಂದು, ಶುರುವಿನಲ್ಲಿ ಹೇಳಿದ ತಪ್ಪೇ ಮರುಕಳಿಸುತ್ತದೆ. ಬಳಸಲೇಬೇಕೆಂದರೆ ಗ್ರೇಡಿಯಂಟಿನ ಜೊತೆ Intersect ಮಾಡಿ. ಆಗ ಎರಡೂ ಕೂಡುವ ಜಾಗದಲ್ಲಿ ಮಾತ್ರ ಪರಿಣಾಮ ಬಿದ್ದು, ಇಳಿಜಾರು ಉಳಿಯುತ್ತದೆ.

ದುಡ್ಡು ಕೊಡದೆ ಸಿಗುವ ತಂತ್ರಾಂಶಗಳಲ್ಲೂ ಈ ಫಿಲ್ಟರ್ ಇದೆ. ಡಾರ್ಕ್‌ಟೇಬಲ್‌ನಲ್ಲಿ ಅದರ ಹೆಸರು graduated density, ರಾಥೆರಪಿಯಲ್ಲಿ Graduated Filter. ಇವುಗಳಲ್ಲಿ ನಾವು ಹಿಡಿದು ಸರಿಸುವ ಗೆರೆ ಇಳಿಕೆಯ ನಡುಭಾಗದ್ದು, ಲೈಟ್‌ರೂಂನಂತೆ ಕೊನೆಯದಲ್ಲ. ಅದನ್ನು ಮರೆತು ಗೆರೆಯನ್ನು ಬಾನಂಚಿನ ಮೇಲೆ ಇಟ್ಟರೆ ಫಿಲ್ಟರಿನ ಅರ್ಧ ಬಲ ನೇರವಾಗಿ ಬೆಟ್ಟದ ಮೇಲೆ ಬೀಳುತ್ತದೆ. ಗೆರೆಯನ್ನು ಆಕಾಶದ ನಡುವಿಗೆ ಏರಿಸಿ, ಡಾರ್ಕ್‌ಟೇಬಲ್‌ನಲ್ಲಿ hardness ಕಡಿಮೆ, ರಾಥೆರಪಿಯಲ್ಲಿ Feather ಹೆಚ್ಚು ಇಟ್ಟುಕೊಂಡರೆ ಮೇಲೆ ಹೇಳಿದ ಉದ್ದನೆಯ ಇಳಿಜಾರೇ ಸಿಗುತ್ತದೆ.

ಚಿತ್ರದಲ್ಲಿ ನೀರಿದ್ದರೆ ಇನ್ನೊಂದು ಮಾತು. ಕೆರೆಯೋ ಹೊಳೆಯೋ, ನಿಂತ ನೀರಿನಲ್ಲಿ ಆಕಾಶದ ಪ್ರತಿಬಿಂಬ ಬಿದ್ದಿರುತ್ತದೆ. ನೀರು ಬಿದ್ದ ಬೆಳಕನ್ನೆಲ್ಲ ಹಿಂದಕ್ಕೆ ಕಳಿಸುವುದಿಲ್ಲ. ಹಾಗಾಗಿ ಪ್ರತಿಬಿಂಬ ತಾನು ತೋರಿಸುವ ಆಕಾಶಕ್ಕಿಂತ ಯಾವತ್ತೂ ಸ್ವಲ್ಪ ಮಂಕಾಗಿಯೇ ಇರುತ್ತದೆ. ನೀವು ಆಕಾಶವನ್ನು ಒಂದೂವರೆ ಸ್ಟಾಪ್ ಇಳಿಸಿ ನೀರನ್ನು ಹಾಗೇ ಬಿಟ್ಟರೆ ಪ್ರತಿಬಿಂಬವೇ ಆಕಾಶಕ್ಕಿಂತ ಬೆಳಕಾಗಿಬಿಡುತ್ತದೆ. ಜಗತ್ತಿನಲ್ಲಿ ಎಲ್ಲಿಯೂ ಕಾಣಸಿಗದ ದೃಶ್ಯ ಅದು. ಅಂಕಿಗಳನ್ನು ಓದಿ ಪರೀಕ್ಷಿಸಬಹುದು. ನೀರಂಚಿನಿಂದ ಎಷ್ಟು ಕೆಳಗೆ ನೋಡುತ್ತೀರೋ ಅಷ್ಟೇ ಮೇಲಿನ ಆಕಾಶದ ಅಂಕಿ ನೋಡಿ. ನೀರಿನದು ಕಡಿಮೆ ಇರಬೇಕು. ಹೆಚ್ಚಿದ್ದರೆ ನೀರಿಗೆ ಕೆಳಗಿನಿಂದ ಮೇಲಕ್ಕೆ ಇನ್ನೊಂದು ಗ್ರೇಡಿಯಂಟ್ ಎಳೆದು ಅಷ್ಟೇ ಇಳಿಸಬೇಕು, ಇಲ್ಲವೇ ಆಕಾಶವನ್ನು ಹಿಂದಕ್ಕೆ ಬಿಡಬೇಕು.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ದೊಡ್ಡ ಪರದೆಗಿಂತ ಸಣ್ಣ ಚಿತ್ರ ಉಪಯುಕ್ತ. ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿದಾಗ ಗೋಪುರದ ಸುತ್ತ ಪ್ರಭೆ ಇದ್ದರೆ ಥಟ್ಟನೆ ಕಾಣುತ್ತದೆ. ತಲೆಕೆಳಗು ಮಾಡಿ ನೋಡಿದರೆ ಗೋಪುರ, ಬೆಟ್ಟ ಎಂಬ ಹೆಸರುಗಳು ಮರೆತು ಬೆಳಕಿನ ಇಳಿಜಾರು ಮಾತ್ರ ಕಣ್ಣಿಗೆ ಬೀಳುತ್ತದೆ. ಎಲ್ಲಾದರೂ ಮಧ್ಯದಲ್ಲಿ ಕತ್ತಲ ಪಟ್ಟಿ ಇದ್ದರೆ ಅಡಗಿ ಕೂರಲು ಜಾಗವಿರುವುದಿಲ್ಲ. ಆಮೇಲೆ ಗುಂಡುಬಂಡೆಗಳ ನೆತ್ತಿ ಮತ್ತು ಬುಡವನ್ನು ಹೋಲಿಸಿ. ಬೆಳಗಿನ ಬಿಸಿಲಿನಲ್ಲಿ ಬಂಡೆಯ ನೆತ್ತಿ ಬುಡಕ್ಕಿಂತ ಬೆಳಕಾಗಿರಬೇಕು. ನೆತ್ತಿಯೇ ಮಂಕಾಗಿದ್ದರೆ ಫಿಲ್ಟರ್ ತೀರ ಕೆಳಕ್ಕೆ ಇಳಿದಿದೆ. ಕೊನೆಯ ಗೆರೆಯನ್ನು ಹಿಡಿದು ಒಂದಿಷ್ಟು ಮೇಲಕ್ಕೆ ಸರಿಸಿದರೆ ಸರಿಹೋಗುತ್ತದೆ.

ಮಳೆಗಾಲದ ಆಕಾಶಕ್ಕೆ ಈ ಅಂಕಿಗಳು ಹೊಂದುವುದಿಲ್ಲ. ಜುಲೈಯಲ್ಲಿ ಇಡೀ ಆಕಾಶ ಮೋಡ ಮುಚ್ಚಿದ್ದಾಗ ಅಲ್ಲಿ ನೀಲಿ ಇರುವುದೇ ಇಲ್ಲ. ನೀಲಿ ಸೇರಿಸಿದರೆ ನೆಲದ ಮೇಲೆ ನೆರಳೇ ಇಲ್ಲದ ಮಂಕು ಬೆಳಕಿಗೂ ಮೇಲಿನ ನೀಲಿಗೂ ತಾಳೆಯಾಗುವುದಿಲ್ಲ. ಆಗ Temp, Saturation ಮುಟ್ಟದೆ Exposure −0.3, Highlights −30ರಷ್ಟು ಇಳಿಸಿದರೆ ಮೋಡದ ಪದರಗಳು ತೆರೆದುಕೊಳ್ಳುತ್ತವೆ. ಸೂರ್ಯ ಮುಳುಗುವ ಹೊತ್ತಿನ ಚಿತ್ರವಂತೂ ಇಡೀ ಲೆಕ್ಕವನ್ನೇ ತಿರುಗಿಸುತ್ತದೆ. ಅಲ್ಲಿ ಬೆಳಕಿನ ಮೂಲವೇ ಬಾನಂಚಿನಲ್ಲಿರುವುದರಿಂದ ಹೆಚ್ಚು ತಡೆಯಬೇಕಾದದ್ದು ಅಲ್ಲಿಯೇ. ಅದಕ್ಕೆಂದೇ ನಡುವೆ ದಟ್ಟವಾಗಿ ಮೇಲಕ್ಕೆ ತಿಳಿಯಾಗುವ ರಿವರ್ಸ್ ಗ್ರಾಜುಯೇಟೆಡ್ ಗಾಜುಗಳು ಸಿಗುತ್ತವೆ. ಪರದೆಯಲ್ಲಿ ಬಾನಂಚಿನ ಮೇಲೆ ಮತ್ತು ಕೆಳಗಿನಿಂದ ಎರಡು ಗ್ರೇಡಿಯಂಟುಗಳನ್ನು ಹೆಣೆದು ಅದನ್ನೇ ಸಾಧಿಸಬಹುದು. ಆದರೂ ಸೂರ್ಯನ ಸುತ್ತಲಿನ ಭಾಗ ಚಿತ್ರದಲ್ಲೇ ಅತಿ ಬೆಳಕಿನದಾಗಿ ಉಳಿಯಲೇಬೇಕು.

ಚಿತ್ರವನ್ನು ಮುದ್ರಿಸುವ ಯೋಚನೆ ಇದ್ದರೆ ಫಿಲ್ಟರಿನ ಬಲವನ್ನು ಸ್ವಲ್ಪ ತಗ್ಗಿಸಿ ಕಳಿಸಿ. ಪರದೆ ಹಿಂದಿನಿಂದ ಬೆಳಗುವಂಥದ್ದು, ಕಾಗದಕ್ಕೆ ಆ ಬೆಳಕಿಲ್ಲ. ಪರದೆಯ ಮೇಲೆ ಹದವೆನಿಸಿದ −1.00 ಕಾಗದದ ಮೇಲೆ ಭಾರವಾಗಿ ಕಾಣುತ್ತದೆ, −0.75ರ ಹತ್ತಿರ ಸಾಕಾಗುತ್ತದೆ. ಬಾನಂಚಿನ ಬಿಳುಪಿನ ಅಂಕಿ ಮಾತ್ರ 95ನ್ನು ದಾಟದಂತೆ ನೋಡಿಕೊಳ್ಳಿ. 100 ಮುಟ್ಟಿದರೆ ಆ ಜಾಗಕ್ಕೆ ಶಾಯಿಯೇ ಬೀಳದೆ ಖಾಲಿ ಕಾಗದ ಉಳಿದು, ಬೆಟ್ಟಗಳ ಹಿಂದೆ ಆಕಾಶದ ಬದಲು ತೂತು ಬಿದ್ದಂತೆ ಕಾಣುತ್ತದೆ.